ಒಂದು ಓ, ಎರಡು ಓ

(ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರೇ, ನನ್ನ ಜೊತೆ ಇದೇ ಶಾಲೆಯಲ್ಲಿ ದುಡಿದ ಸಹೋದ್ಯೋಗಿ ಮಿತ್ರರೇ, ಊರಿನ ಬಂಧುಗಳೇ, ಈಗ ಓದುತ್ತಿರುವ ಮಕ್ಕಳೇ, ಮತ್ತು ನನ್ನ ಕೈಯಲ್ಲಿ ಪೆಟ್ಟು ತಿಂದೂ ನನ್ನನ್ನು ಮರೆಯದೆ ಕರೆಸಿಕೊಂಡಿರುವ ಹಳೆಯ ವಿದ್ಯಾರ್ಥಿಗಳೇ,

ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ನೆನಪುಗಳನ್ನು ಹೇಳಿ ಎಂದಿದ್ದಾರೆ. ನೆನಪು ಹೇಳುತ್ತಾ ಹೋದರೆ ಊಟದ ಹೊತ್ತು ಮೀರುತ್ತದೆ. ಆದ್ದರಿಂದ ಒಂದೇ ಒಂದು ಪಾಠ ಮಾಡಿ ಹೋಗುತ್ತೇನೆ. ಇದು ನಾನು ಈ ಶಾಲೆಯಲ್ಲಿ ಬಹಳ ವರ್ಷ ತಪ್ಪಾಗಿ ಮಾಡಿದ ಪಾಠ. ಅದನ್ನು ತಿದ್ದದೆ ಸತ್ಕಾರದ ಶಾಲು ಹೊದ್ದುಕೊಂಡು ಹೋಗುವುದು ನನಗೆ ಸರಿ ಕಾಣಲಿಲ್ಲ.

ಮೊದಲು ನಾನು ಈ ಊರಿಗೆ ಬಂದ ದಿನದ ಮಾತು. ನಾನು ಬಯಲುಸೀಮೆಯ ಕಡೆಯವನು. ವರ್ಗದ ಆದೇಶ ಕೈಗೆ ಬಂದಾಗ ಊರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಟೈಪಾಗಿತ್ತು. ಎಚ್, ಓ, ಎಸ್, ಎ, ಬಿ, ಎ, ಎಲ್, ಇ. ನಾನು ಅದನ್ನು ಓದಿಕೊಂಡದ್ದು 'ಹೊಸಬಳೆ' ಎಂದು. ಸೊರಬದ ಬಸ್ ನಿಲ್ದಾಣದಲ್ಲಿ ಇಳಿದು, ಪೆಟ್ಟಿಗೆ ಹಿಡಿದುಕೊಂಡು, "ಹೊಸಬಳೆ ಬಸ್ಸು ಎಲ್ಲಿ ನಿಲ್ಲುತ್ತೆ?" ಎಂದು ಒಬ್ಬ ಹಿರಿಯರನ್ನು ಕೇಳಿದೆ. ಅವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಹೇಳಿದರು: "ಬಳೆ ಬೇಕಾದರೆ ಪೇಟೆ ಬೀದಿಗೆ ಹೋಗಿ ಮೇಷ್ಟ್ರೆ. ಬಾಳೆ ಬೇಕಾದರೆ ನನ್ನ ಜೊತೆ ಬನ್ನಿ, ನಾನೂ ಅಲ್ಲಿಗೇ ಹೊರಟವನು."

ಒಂದು ಇಳಿ ಬಿಟ್ಟುಹೋಗಿದ್ದರಿಂದ ಬಾಳೆ ಬಳೆಯಾಯಿತು. ಇನ್ನೊಬ್ಬರು ಓದಿದ್ದರೆ ಅದೇ ಅಕ್ಷರಗಳಲ್ಲಿ 'ಹೊಸಬಲೆ' ಎಂದೂ ಓದಬಹುದಿತ್ತು. ಕನ್ನಡದಲ್ಲಿ ಬರೆದಿದ್ದರೆ ಈ ತೊಂದರೆಯೇ ಬರುತ್ತಿರಲಿಲ್ಲ. ನಮ್ಮಲ್ಲಿ ಹುಲಿ ಬೇರೆ, ಹುಳಿ ಬೇರೆ. ಬೆಲೆ ಬೇರೆ, ಬೆಳೆ ಬೇರೆ. ಅಳು ಬೇರೆ, ಆಳು ಬೇರೆ. ಇವುಗಳಲ್ಲಿಯೂ ಒಂದು ಅಕ್ಷರ ಬದಲಾದರೆ ಅರ್ಥವೂ ಬದಲು, ಸದ್ದೂ ಬದಲು. ಆದರೆ ಕನ್ನಡದಲ್ಲಿ ಒಂದು ಪ್ರಾಮಾಣಿಕತೆ ಇದೆ. ಬರಹದಲ್ಲಿ ಗುರುತು ಎಲ್ಲಿ ಬದಲಾಗಿದೆಯೋ, ಬಾಯಲ್ಲಿ ಸದ್ದು ಬದಲಾಗುವುದೂ ಅಲ್ಲಿಯೇ. ಬ-ಕ್ಕೆ ಇಳಿ ಕೊಟ್ಟರೆ ಬ-ದ ಸ್ವರವೇ ಉದ್ದವಾಗುತ್ತದೆ. ಮುಂದಿನ ಳೆ-ಗೆ ಏನೂ ಆಗುವುದಿಲ್ಲ.

ಈ ಅಭ್ಯಾಸದಲ್ಲಿ ಬೆಳೆದ ನಮ್ಮ ಕಣ್ಣು ಇಂಗ್ಲಿಷನ್ನೂ ಹಾಗೆಯೇ ನೋಡುತ್ತದೆ. ನಾವು ಎಡವುವುದು ಅಲ್ಲಿ.

ಎರಡು ಪದ ಹೇಳುತ್ತೇನೆ, ಮಕ್ಕಳು ಮನಸ್ಸಿನಲ್ಲಿಯೇ ಬರೆದುಕೊಳ್ಳಿ. ಮೊದಲನೆಯದು ಎಲ್, ಓ, ಎಸ್, ಇ. ಅರ್ಥ, ಕಳೆದುಕೊಳ್ಳುವುದು, ಸೋಲುವುದು. ಎರಡನೆಯದು ಎಲ್, ಓ, ಓ, ಎಸ್, ಇ. ಅರ್ಥ, ಸಡಿಲವಾದದ್ದು. ನಾನು ತರಗತಿಯಲ್ಲಿ ಹೇಳಿಕೊಡುತ್ತಿದ್ದ ಸೂತ್ರ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. "ಒಂದು ಓ ಇದ್ದರೆ ಲೋಸ್, ಎರಡು ಓ ಇದ್ದರೆ ಲೂಸ್." ರೋಜ್ ಇದೆ, ನೋಜ್ ಇದೆ, ಅದೇ ಸಾಲಿನಲ್ಲಿ ಲೋಸ್. ಕೇಳಲು ಚೆನ್ನಾಗಿತ್ತು. ನನಗೆ ನನ್ನ ಮೇಷ್ಟ್ರು ಹೇಳಿಕೊಟ್ಟದ್ದೂ ಅದೇ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಮಾತ್ರ 'ನಾನು ಪೆನ್ನು ಕಳೆದುಕೊಂಡೆ' ಎನ್ನುವ ಅರ್ಥದ ವಾಕ್ಯದಲ್ಲಿ ಎರಡು ಓ ಹಾಕಿ ಬರುತ್ತಿದ್ದರು. ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅರ್ಧ ಅಂಕ ಕಳೆಯುತ್ತಿದ್ದೆ. ಯಾಕೆ ಎಲ್ಲರೂ ಇದನ್ನೇ ತಪ್ಪುತ್ತಾರೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಯೋಚಿಸುವಂತೆ ಮಾಡಿದವಳು ಇದೇ ಶಾಲೆಯ ಒಬ್ಬ ಹುಡುಗಿ. ಅವಳ ಹೆಸರು ಹೇಳುವುದಿಲ್ಲ, ಈ ಸಂಗತಿ ಹೇಳಲು ಅವಳ ಒಪ್ಪಿಗೆ ಇದೆ. ಹತ್ತನೆಯ ತರಗತಿ ಮುಗಿಸಿ, ಪಿಯುಸಿ ಮಾಡಿ, ನರ್ಸಿಂಗ್ ಓದಿ, ಹೊರದೇಶದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ನಾನು ನಿವೃತ್ತನಾಗಿ ಮನೆಯಲ್ಲಿದ್ದೆ. ಒಂದು ದಿನ ಸಂಜೆ ಫೋನು ಬಂತು.

"ಸರ್, ನಾನು. ಚೆನ್ನಾಗಿದೀರಾ?"

"ನಾನು ಚೆನ್ನಾಗಿದೀನಿ ಕಣಮ್ಮ. ನಿನ್ನ ದನಿ ಯಾಕೆ ಹೀಗಿದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಅವಳ ವಾರ್ಡಿನಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದ ಒಬ್ಬ ಅಜ್ಜಿ ಇದ್ದರು. ಅಂಥ ಚಿಕಿತ್ಸೆಯ ನಂತರ ನೋವಿಗೆ ಹೆದರಿ ಜನ ಮೇಲೆಮೇಲೆ ಉಸಿರಾಡುತ್ತಾರೆ. ಹಾಗಾದರೆ ಶ್ವಾಸಕೋಶದ ಕೆಳಭಾಗ ತೆರೆದುಕೊಳ್ಳುವುದಿಲ್ಲ, ಕಫ ನಿಂತು ಸೋಂಕಾಗುವ ಅಪಾಯ ಇರುತ್ತದೆ. ಅದಕ್ಕೆ ನರ್ಸು ಪಕ್ಕದಲ್ಲಿ ಕುಳಿತು ಉಸಿರಿನ ವ್ಯಾಯಾಮ ಮಾಡಿಸಬೇಕು. ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಕೆಲವು ಸೆಕೆಂಡು ಉಸಿರು ಹಿಡಿಯಿರಿ, ಮೆಲ್ಲಗೆ ಬಿಡಿ. ಇಷ್ಟೇ. ಆದರೆ ಇಂಗ್ಲಿಷಿನಲ್ಲಿ ಇಷ್ಟನ್ನು ಹೇಳಲು ಎರಡು ಪದ ಬೇಕು. ಉಸಿರಾಡು ಎನ್ನುವ ಕ್ರಿಯಾಪದಕ್ಕೆ ಬಿ, ಆರ್, ಇ, ಎ, ಟಿ, ಎಚ್, ಇ. ಉಸಿರು ಎನ್ನುವ ನಾಮಪದಕ್ಕೆ ಕೊನೆಯ ಇ ಇಲ್ಲ. ನಾನು ಇವೆರಡಕ್ಕೂ ತರಗತಿಯಲ್ಲಿ ಒಂದೇ ಸದ್ದು ಹೇಳಿಕೊಟ್ಟಿದ್ದೆ. ಬ್ರೆದ್. ಕೊನೆಯ ಇ ಸೈಲೆಂಟ್, ಅದು ಲೆಕ್ಕಕ್ಕಿಲ್ಲ ಎಂದಿದ್ದೆ.

ಹುಡುಗಿ "ಬ್ರೆದ್ ಇನ್" ಎಂದಳು. ಅಜ್ಜಿ ಅವಳ ಮುಖ ನೋಡಿದರು. ಇನ್ನೊಮ್ಮೆ ಜೋರಾಗಿ ಹೇಳಿದಳು. ಅಜ್ಜಿ ಬಹಳ ವಿನಯದಿಂದ, ನನಗೆ ಬ್ರೆಡ್ ಬೇಡಮ್ಮ, ಈಗ ತಾನೆ ಊಟ ಆಯಿತು ಎಂದರಂತೆ. ಪಕ್ಕದ ಹಾಸಿಗೆಯವರು ನಕ್ಕರು. ಮೇಲಿನ ಸಿಸ್ಟರ್ ಬಂದು ತಾವೇ ವ್ಯಾಯಾಮ ಮಾಡಿಸಿದರು. ಹುಡುಗಿಯೂ ಎಲ್ಲರ ಎದುರು ನಕ್ಕಳು, ಆಮೇಲೆ ಬಟ್ಟೆ ಬದಲಾಯಿಸುವ ಕೋಣೆಗೆ ಹೋಗಿ ಅತ್ತಳು.

"ಸರ್, ಅದು ಎರಡು ಬೇರೆ ಪದವಂತೆ. ನೀವು ಒಂದೇ ಅಂದಿದ್ರಲ್ಲ?"

ಅವಳ ಮಾತಿನಲ್ಲಿ ದೂರು ಇರಲಿಲ್ಲ. ನಿಜವಾಗಿ ಕೇಳಿದ ಪ್ರಶ್ನೆ ಅದು. ನನಗೆ ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳ್ತೀನಿ ಇರಮ್ಮ" ಎಂದು ಫೋನು ಇಟ್ಟೆ.

ಮನೆಯಲ್ಲಿ ಹಾರ್ನ್‌ಬಿಯವರ ಆಕ್ಸ್‌ಫರ್ಡ್ ನಿಘಂಟು ಇತ್ತು. ವರ್ಷಗಟ್ಟಲೆ ಅರ್ಥಕ್ಕಾಗಿ ತೆಗೆದು ನೋಡಿದ್ದೆ. ಪದದ ಮುಂದೆ ಓರೆ ಗೆರೆಗಳ ನಡುವೆ ಉಚ್ಚಾರಣೆ ಬರೆದಿರುತ್ತಾರಲ್ಲ, ಅದನ್ನು ಹಾರಿಸಿಕೊಂಡು ಹೋಗುತ್ತಿದ್ದೆ. ಅವತ್ತು ರಾತ್ರಿ ಅದನ್ನು ನೋಡಿದೆ. ಉಸಿರಿನ ಜೋಡಿ ಮೊದಲು ನೋಡಿದೆ, ಆಮೇಲೆ ಕಳೆದುಕೊಳ್ಳುವ, ಸಡಿಲದ ಜೋಡಿ. ನೋಡಿ ಕುರ್ಚಿಯಲ್ಲಿ ಹಾಗೇ ಕುಳಿತೆ.

ಒಂದು ಓ ಇರುವ ಪದಕ್ಕೂ ಎರಡು ಓ ಇರುವ ಪದಕ್ಕೂ ನಿಘಂಟಿನಲ್ಲಿ ಸ್ವರ ಒಂದೇ. ಎರಡೂ ಕಡೆ ದೀರ್ಘ ಊ. 'ಲೋಸ್' ಎನ್ನುವ ಪದವೇ ಅಲ್ಲಿರಲಿಲ್ಲ. ವ್ಯತ್ಯಾಸ ಇದ್ದದ್ದು ಕೊನೆಯ ವ್ಯಂಜನದಲ್ಲಿ. ಸಡಿಲದ ಲೂಸ್ ನಮ್ಮ ಸ-ಕಾರದಲ್ಲಿ ಮುಗಿಯುತ್ತದೆ. ಕಳೆದುಕೊಳ್ಳುವ ಪದ ಇಂಗ್ಲಿಷಿನ ಕಡೆಯ ಅಕ್ಷರ 'ಜ಼ಡ್' ಇದೆಯಲ್ಲ, ಆ ಸದ್ದಿನಲ್ಲಿ ಮುಗಿಯುತ್ತದೆ. ಬರಹಕ್ಕಾಗಿ ಅದನ್ನು ಲೂಜ಼್ ಎನ್ನೋಣ.

ಇಲ್ಲಿಯ ಮೋಸ ನೋಡಿ. ಅಕ್ಷರ ಹೆಚ್ಚಾಗಿರುವುದು ಸ್ವರದ ಜಾಗದಲ್ಲಿ, ಸದ್ದು ಬದಲಾಗುವುದು ವ್ಯಂಜನದ ಜಾಗದಲ್ಲಿ. ಉಸಿರಿನ ಜೋಡಿಯಲ್ಲಿಯೂ ಹಾಗೆಯೇ. ಕೊನೆಗೆ ಸೇರಿದ ಇ ತಾನು ಬಾಯಿ ಬಿಡುವುದಿಲ್ಲ. ಆದರೆ ಅದರ ಹಿಂದಿನ ಟಿ-ಎಚ್ ಸದ್ದು ಬದಲಾಗುತ್ತದೆ, ಇನ್ನೂ ಹಿಂದಿನ ಸ್ವರವೂ ಹ್ರಸ್ವ ಎ ಇದ್ದದ್ದು ದೀರ್ಘ ಈ ಆಗುತ್ತದೆ. ಉಸಿರು ಎಂದರೆ ಬ್ರೆತ್, ಉಸಿರಾಡು ಎಂದರೆ ಬ್ರೀದ್. ಮನೆಯ ಹಿರಿಯ ಮೂಲೆಯಲ್ಲಿ ಮಾತಾಡದೆ ಕುಳಿತಿರುತ್ತಾನೆ, ಅವನು ಇದ್ದಾನೆಂಬ ಕಾರಣಕ್ಕೇ ಮನೆಯವರೆಲ್ಲ ಬೇರೆ ರೀತಿ ನಡೆದುಕೊಳ್ಳುತ್ತಾರೆ. ಅಂಥದ್ದು ಈ ಇ. ನಾನು ಅದನ್ನು ಲೆಕ್ಕಕ್ಕಿಲ್ಲ ಎಂದಿದ್ದೆ.

ಈಗ ಎಲ್ಲರೂ ಬಲಗೈಯ ಎರಡು ಬೆರಳು ಗಂಟಲ ಗಂಟಿನ ಮೇಲೆ ಇಟ್ಟುಕೊಳ್ಳಿ. ಹಿರಿಯರೂ ಇಟ್ಟುಕೊಳ್ಳಿ, ನಾಚಿಕೆ ಬೇಡ. ಹಾವು ಬುಸುಗುಟ್ಟುವ ಹಾಗೆ ಸ್ ಎಂದು ಉದ್ದಕ್ಕೆ ಎಳೆಯಿರಿ. ಬೆರಳಿಗೆ ಏನೂ ತಾಗುವುದಿಲ್ಲ. ಈಗ ನಾಲಿಗೆ, ಹಲ್ಲು ಯಾವುದನ್ನೂ ಕದಲಿಸದೆ, ಅದೇ ಬುಸುಗುಡುವಿಕೆಗೆ ಗಂಟಲಿನ ದನಿ ಸೇರಿಸಿ. ಜೇನುಹುಳ ಗುಂಯ್‌ಗುಟ್ಟಿದ ಹಾಗೆ. ಬೆರಳಿಗೆ ನಡುಕ ತಾಗಿತಲ್ಲ? ಅದೇ ಜ಼್. ಇದನ್ನೇ ನಮ್ಮ ವ್ಯಾಕರಣದಲ್ಲಿ ಅಘೋಷ, ಘೋಷ ಎನ್ನುವುದು. ಕ ಅಘೋಷ, ಗ ಘೋಷ. ತ ಅಘೋಷ, ದ ಘೋಷ. ಪ-ಕ್ಕೆ ಬ ಇದೆ. ಕನ್ನಡದ ಸ-ಕ್ಕೆ ಮಾತ್ರ ಇಂಥ ಘೋಷದ ಜೊತೆ ಇಲ್ಲ. ಆದ್ದರಿಂದ ನಮ್ಮ ಕಿವಿ ಲೂಜ಼್ ಕೇಳಿದರೂ ಹತ್ತಿರದ ಲೂಸ್ ಎಂದೇ ಇಟ್ಟುಕೊಳ್ಳುತ್ತದೆ. ಕಿವಿಗೆ ಒಂದೇ ಆದ ಮೇಲೆ ಕೈ ಎರಡು ರೀತಿ ಬರೆಯುವುದು ಹೇಗೆ? ಪೆನ್ನು ಕಳೆದುಕೊಂಡ ಮಕ್ಕಳು ಎರಡು ಓ ಹಾಕುತ್ತಿದ್ದುದು ದಡ್ಡತನದಿಂದಲ್ಲ. ನನ್ನ 'ಲೋಸ್' ಸೂತ್ರವನ್ನು ಬಾಯಿಪಾಠದಲ್ಲಿ ಬಿಟ್ಟು, ಹೊರಗೆ ಸಿನಿಮಾದಲ್ಲಿ, ಕ್ರಿಕೆಟ್ ವಿವರಣೆಯಲ್ಲಿ ಕೇಳಿದ ಸದ್ದನ್ನು ನಂಬಿ ಬರೆಯುತ್ತಿದ್ದರು. ಅವರ ಕಿವಿ ನನ್ನ ಸೂತ್ರಕ್ಕಿಂತ ನಿಜಕ್ಕೆ ಹತ್ತಿರವಿತ್ತು.

ಒಂದು ಎಚ್ಚರಿಕೆ. ಇದು ನಮ್ಮ ಜಾತ್ರೆಯ ಜ ಅಲ್ಲ. ಜ ಹೇಳುವಾಗ ನಾಲಿಗೆ ಮೇಲೆ ತಾಗಿ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಆದ್ದರಿಂದ ಜ-ವನ್ನು ಎಳೆಯಲು ಬರುವುದಿಲ್ಲ. ಜ಼್ ಎಂಬುದನ್ನು ಉಸಿರಿರುವ ತನಕ ಎಳೆಯಬಹುದು. ಎಳೆಯಲು ಬಂದರೆ ಸರಿ, ಬಾರದಿದ್ದರೆ ಜ ಎನ್ನುತ್ತಿದ್ದೀರಿ ಎಂದು ಅರ್ಥ. ಟಿ-ಎಚ್ ಸದ್ದಿಗೂ ಇದೇ ಪರೀಕ್ಷೆ. ನಮ್ಮ ತ, ದ ಹೇಳುವಾಗ ನಾಲಿಗೆ ಹಲ್ಲಿಗೆ ಒತ್ತಿ ಉಸಿರನ್ನು ಕಟ್ಟುತ್ತದೆ. ಇಂಗ್ಲಿಷಿನದರಲ್ಲಿ ನಾಲಿಗೆಯ ತುದಿ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಸಡಿಲವಾಗಿ ನಿಂತು, ಗಾಳಿ ಅದರ ಮೇಲೆ ಸೋರುತ್ತಲೇ ಇರಬೇಕು. ಬರೀ ಗಾಳಿ ಸೋರಿದರೆ ಬ್ರೆತ್. ಗಂಟಲೂ ನಡುಗಿದರೆ ಬ್ರೀದ್. ಹುಡುಗಿ ಉಸಿರನ್ನು ಕಟ್ಟಿಬಿಟ್ಟಿದ್ದಳು, ಸ್ವರವನ್ನೂ ಹ್ರಸ್ವ ಮಾಡಿದ್ದಳು, ಆದ್ದರಿಂದ ಅಜ್ಜಿಗೆ ಅದು ಬ್ರೆಡ್ ಆಗಿ ಕೇಳಿಸಿತು. ಅಜ್ಜಿಯ ಕಿವಿಯಲ್ಲಿ ತಪ್ಪೇನೂ ಇರಲಿಲ್ಲ.

ಇದರ ಮೇಲೆ ನಮ್ಮದೇ ಇನ್ನೊಂದು ಅಭ್ಯಾಸ. ಕನ್ನಡದ ಮಾತು ಸ್ವರದಲ್ಲಿ ಮುಗಿಯಲು ಬಯಸುತ್ತದೆ. ಬಸ್ ಎನ್ನುವುದನ್ನು ಬಸ್ಸು ಮಾಡುತ್ತೇವೆ, ಕಾರ್ ಎನ್ನುವುದನ್ನು ಕಾರು ಮಾಡುತ್ತೇವೆ. ಕನ್ನಡದೊಳಗೆ ಅದು ತಪ್ಪಲ್ಲ, ನಮ್ಮ ಭಾಷೆಯ ಜಾಯಮಾನ. ಆದರೆ ಇಂಗ್ಲಿಷ್ ಮಾತಿನ ನಡುವೆ 'ಬ್ರೆತ್ತು' ಎಂದರೆ ಕೊನೆಯ ಉ ಬಂದು, ಎರಡು ಪದಗಳನ್ನು ಬೇರೆ ಮಾಡುವ ಕೊನೆಯ ಸದ್ದನ್ನೇ ಮುಚ್ಚಿಬಿಡುತ್ತದೆ.

ಮರುದಿನ ಹುಡುಗಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. "ತಪ್ಪು ನಂದಮ್ಮ, ನಿಂದಲ್ಲ" ಎಂದೆ. ಪ್ರತಿ ಭಾನುವಾರ ಹತ್ತು ನಿಮಿಷ ಅಭ್ಯಾಸ ಮಾಡೋಣ ಎಂದುಕೊಂಡೆವು. ಅಲ್ಲಿ ಇನ್ನೊಂದು ಕಷ್ಟ ಎದುರಾಯಿತು. ಆಗಿನ ಸಾಮಾನ್ಯ ಫೋನಿನ ತಂತಿ ಮನುಷ್ಯನ ದನಿಯಲ್ಲಿ ಸುಮಾರು 300ರಿಂದ 3400 ಹರ್ಟ್ಜ್ ತನಕದ ಭಾಗವನ್ನಷ್ಟೇ ಸಾಗಿಸುತ್ತಿತ್ತು. ಸ-ಕಾರದ ಬುಸುಗುಡುವಿಕೆಯ ಬಲ ಹೆಚ್ಚಾಗಿ ಇರುವುದು ಅದಕ್ಕೂ ಮೇಲೆ. ಆದ್ದರಿಂದ ಕೊನೆಯ ಸದ್ದು ನನಗೆ ಮಸುಕಾಗಿ ಬರುತ್ತಿತ್ತು. ಅವಳು ಲೂಸ್ ಎಂದಳೋ ಲೂಜ಼್ ಎಂದಳೋ ತಿಳಿಯುತ್ತಿರಲಿಲ್ಲ.

ಹಾಗಿದ್ದರೂ ಇಂಗ್ಲಿಷಿನವರು ಫೋನಿನಲ್ಲಿ ಇವನ್ನು ಹೇಗೆ ಗುರುತಿಸುತ್ತಾರೆ ಎಂದು ಹುಡುಕಿದಾಗ ಸಿಕ್ಕಿದ ಸಂಗತಿ ನನಗೆ ಬಹಳ ಇಷ್ಟವಾಯಿತು. ಇಂಗ್ಲಿಷಿನಲ್ಲಿ ಘೋಷ ವ್ಯಂಜನದ ಹಿಂದಿನ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ, ಅಘೋಷದ ಹಿಂದಿನದು ಬೇಗ ಕತ್ತರಿಸಿಹೋಗುತ್ತದೆ. ಹಾಗಾದರೆ ಕಳೆದುಕೊಳ್ಳುವ ಲೂಜ಼್‌ನ ಊ ಉದ್ದ, ಸಡಿಲದ ಲೂಸ್‌ನ ಊ ಗಿಡ್ಡ. ಒಂದು ಓ ಇರುವುದು ಬಾಯಲ್ಲಿ ಉದ್ದ, ಎರಡು ಓ ಇರುವುದು ಬಾಯಲ್ಲಿ ಗಿಡ್ಡ! ನನ್ನ ಸೂತ್ರ ಬರೀ ತಪ್ಪಾಗಿರಲಿಲ್ಲ, ತಲೆಕೆಳಗಾಗಿತ್ತು. ಮುಂದಿನ ಭಾನುವಾರ ಅವಳಿಗೆ, "ಕಳೆದುಕೊಂಡದ್ದನ್ನು ಸ್ವಲ್ಪ ಎಳೆದು ಹೇಳಮ್ಮ, ಸಡಿಲವನ್ನು ಬೇಗ ಮುಗಿಸು" ಎಂದೆ. ಫೋನಿನಲ್ಲಿಯೂ ಎರಡು ಬೇರೆಯಾಗಿ ಕೇಳಿಸಿದವು.

ಇಷ್ಟಾದ ಮೇಲೆ ಯಾಕೆ ಹೀಗೆ ಎಂಬ ಪ್ರಶ್ನೆ ಉಳಿಯಿತು. ಕೊನೆಯ ಇ ಸೇರಿದರೆ ಟಿ-ಎಚ್ ಯಾಕೆ ಘೋಷವಾಗಬೇಕು? ಇದಕ್ಕೆ ಉತ್ತರ ನಮ್ಮ ಕನ್ನಡ ಪಂಡಿತರ ತರಗತಿಯಲ್ಲಿಯೇ ಇದೆ. ಮಳೆ, ಕಾಲ ಸೇರಿದರೆ ಏನು? ಮಳೆಗಾಲ. ಬೆಟ್ಟ, ತಾವರೆ? ಬೆಟ್ಟದಾವರೆ. ಆದೇಶ ಸಂಧಿ. ಹಿಂದೊಂದು ಸ್ವರ, ಮುಂದೊಂದು ಸ್ವರ, ನಡುವೆ ಸಿಕ್ಕಿದ ಕ ಹೋಗಿ ಗ ಆಯಿತು, ತ ಹೋಗಿ ದ ಆಯಿತು. ಎರಡೂ ಕಡೆ ಗಂಟಲು ನಡುಗುತ್ತಿರುವಾಗ ನಡುವೆ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದಕ್ಕಿಂತ, ನಡುಗುತ್ತಲೇ ಇರಲು ಬಿಡುವುದು ಸುಲಭ.

ಸುಮಾರು 1000 ವರ್ಷದ ಹಿಂದಿನ ಇಂಗ್ಲಿಷಿನಲ್ಲಿಯೂ ಇಂಥದ್ದೇ ನಡೆದಿತ್ತು. ಆ ಕಾಲದಲ್ಲಿ ಕ್ರಿಯಾಪದಗಳ ಕೊನೆಗೆ ಬಾಯಿಬಿಟ್ಟು ಹೇಳುವ ಪ್ರತ್ಯಯ ಇರುತ್ತಿತ್ತು, ಆ ಪ್ರತ್ಯಯ ಸ್ವರದಿಂದ ಶುರುವಾಗುತ್ತಿತ್ತು. ಆದ್ದರಿಂದ ಕ್ರಿಯಾಪದದಲ್ಲಿ ಟಿ-ಎಚ್, ಎಸ್, ಎಫ್ ಸದ್ದುಗಳು ಎರಡು ಸ್ವರಗಳ ನಡುವೆ ಸಿಕ್ಕಿ ಘೋಷವಾದವು. ನಾಮಪದದಲ್ಲಿ ಅವು ತುದಿಯಲ್ಲಿದ್ದವು, ಅಘೋಷವಾಗಿಯೇ ಉಳಿದವು. ಕಾಲ ಕಳೆದಂತೆ ಪ್ರತ್ಯಯ ಸವೆದುಹೋಯಿತು. ಬರಹದಲ್ಲಿ ಅದರ ಗುರುತಾಗಿ ಒಂದು ಇ ಉಳಿಯಿತು, ಬಾಯಲ್ಲಿ ಅದು ಬಿಟ್ಟುಹೋದ ನಡುಕ ಉಳಿಯಿತು. ಕೆರೆಯ ನೀರು ಇಳಿದ ಮೇಲೂ ಕಲ್ಲಿನ ಮೇಲೆ ನೀರಿನ ಗೆರೆ ಉಳಿಯುವುದಿಲ್ಲವೇ, ಹಾಗೆ.

ಈ ಒಂದು ಕಾರಣ ತಿಳಿದರೆ ಬೇರೆ ಜೋಡಿಗಳೂ ಸಾಲಾಗಿ ನಿಲ್ಲುತ್ತವೆ. ಸ್ನಾನಕ್ಕೆ ಬಾತ್, ಸ್ನಾನ ಮಾಡಿಸುವುದಕ್ಕೆ ಇ ಸೇರಿಸಿ ಬೇದ್. ಬಟ್ಟೆಗೆ ಕ್ಲಾತ್, ಬಟ್ಟೆ ತೊಡಿಸುವುದಕ್ಕೆ ಇ ಸೇರಿಸಿ ಕ್ಲೋದ್. ಸಲಹೆಗೆ ಸಿ ಇರುವ ಅಡ್ವೈಸ್, ಸಲಹೆ ಕೊಡುವುದಕ್ಕೆ ಎಸ್ ಇರುವ ಅಡ್ವೈಜ಼್. ನಂಬಿಕೆಗೆ ಎಫ್ ಇರುವ ಬಿಲೀಫ್, ನಂಬುವುದಕ್ಕೆ ವಿ ಇರುವ ಬಿಲೀವ್. ಎಲ್ಲದರಲ್ಲೂ ಹೆಸರು ತಣ್ಣಗೆ, ಕೆಲಸ ನಡುಗುತ್ತದೆ. ಬಾತ್, ಕ್ಲಾತ್, ಬ್ರೆತ್ ಜೋಡಿಗಳಲ್ಲಿ ಸ್ವರವೂ ಬದಲಾಗುತ್ತದೆ ಎಂಬುದನ್ನು ಗಮನಿಸಿ. ನಮ್ಮಲ್ಲಿಯೂ ಕ್ರಿಯೆ ಮತ್ತು ಹೆಸರಿನ ನಡುವೆ ಸ್ವರ ಬದಲಾಗುವುದುಂಟು, ಆದರೆ ಉಲ್ಟಾ. ಕೆಡು ಎಂಬ ಕ್ರಿಯೆಯಿಂದ ಕೇಡು, ಬಿಡು ಎಂಬುದರಿಂದ ಬೀಡು, ಪಡು ಎಂಬುದರಿಂದ ಪಾಡು. ಕನ್ನಡದಲ್ಲಿ ಹೆಸರು ಉದ್ದ, ಕೆಲಸ ಗಿಡ್ಡ. ಇಂಗ್ಲಿಷಿನ ಉಸಿರಿನಲ್ಲಿ ಹೆಸರು ಗಿಡ್ಡ, ಕೆಲಸ ಉದ್ದ.

ಈ ಸೂತ್ರವನ್ನು ಎಲ್ಲಿಗೆ ನಿಲ್ಲಿಸಬೇಕೆಂದೂ ಹೇಳಬೇಕು, ಇಲ್ಲವಾದರೆ ಹಳೆಯ ತಪ್ಪಿನ ಜಾಗದಲ್ಲಿ ಹೊಸ ತಪ್ಪು ಕೂರಿಸಿದ ಹಾಗಾಗುತ್ತದೆ. ಲೂಸ್, ಲೂಜ಼್ ಜೋಡಿ ಈ ಸೂತ್ರಕ್ಕೆ ಸೇರುವುದಿಲ್ಲ. ಅವು ಒಂದೇ ತಾಯಿಯ ಮಕ್ಕಳಲ್ಲ. ಸಡಿಲದ ಲೂಸ್ ಸ್ಕಾಂಡಿನೇವಿಯದ ಕಡೆಯ ಜನರ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದ, ಕಳೆದುಕೊಳ್ಳುವ ಲೂಜ಼್ ಇಂಗ್ಲಿಷಿನದೇ ಹಳೆಯ ಪದ. ನಷ್ಟ ಎಂಬ ಹೆಸರಿಗೆ ಬೇರೆಯೇ ಪದ ಇದೆ, ಲಾಸ್, ಅದಕ್ಕೆ ಎರಡು ಎಸ್. ಬರಹ ನೋಡಿ ಊಹಿಸುವುದಕ್ಕೂ ಇಲ್ಲಿ ದಾರಿ ಇಲ್ಲ. ಎರಡು ಓ ಇರುವ ಗೂಸ್, ಅಂದರೆ ಬಾತುಕೋಳಿಯಂಥ ಹಕ್ಕಿ, ಬುಸುಗುಡುತ್ತದೆ. ಅದೇ ಎರಡು ಓ ಇರುವ ಚೂಜ಼್, ಅಂದರೆ ಆರಿಸು, ನಡುಗುತ್ತದೆ. ಒಂದು ಓ ಇರುವ ರೋಜ಼್, ನೋಜ಼್ ಒಂದು ದಾರಿ ಹಿಡಿದರೆ, ಲೂಜ಼್ ಇನ್ನೊಂದು ದಾರಿ ಹಿಡಿಯುತ್ತದೆ. ಅದರ ನೆಂಟ ಯಾರೆಂದರೆ 'ಯಾರ' ಎಂದು ಕೇಳುವ ಹೂಜ಼್, ಡಬ್ಲ್ಯು, ಎಚ್, ಓ, ಎಸ್, ಇ. ಇವೆರಡರ ಪ್ರಾಸ ನೆನಪಿಟ್ಟುಕೊಂಡರೆ ಸ್ವರವೂ ಸರಿ, ಕೊನೆಯ ಸದ್ದೂ ಸರಿ.

ಇಲ್ಲಿ ನಮಗೆ ಒಂದು ಅನುಕೂಲವೂ ಇದೆ. ಸಡಿಲದ ಲೂಸ್ ನಮ್ಮ ಬಾಯಿಗೆ ಆಗಲೇ ಬಂದುಬಿಟ್ಟಿದೆ. ಅಂಗಡಿಯಲ್ಲಿ ಪ್ಯಾಕೆಟ್ ಬೇಡ, ಲೂಸ್ ಎಣ್ಣೆ ಕೊಡಿ ಎನ್ನುತ್ತೇವೆ. ದರ್ಜಿಗೆ ಅಂಗಿ ಸ್ವಲ್ಪ ಲೂಸಾಗಿ ಹೊಲಿ ಎನ್ನುತ್ತೇವೆ. ತಲೆ ಸಡಿಲವಾದವನನ್ನೂ ಲೂಸು ಎನ್ನುತ್ತೇವೆ. ಎಲ್ಲ ಕಡೆ ಸದ್ದು ಸರಿಯಾಗಿದೆ, ಬುಸುಗುಡುವ ಸ. ಈ ಎಣ್ಣೆಯ, ಅಂಗಿಯ ಲೂಸ್‌ಗೆ ಎರಡು ಓ ಎಂದು ಗಟ್ಟಿಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಸಡಿಲ ಅಂಗಿಯೊಳಗೆ ಎರಡು ಓ ಹಿಡಿಸುತ್ತವೆ. ಕಳೆದುಕೊಂಡವನ ಬಳಿ ಒಂದೇ ಉಳಿದಿದೆ.

ಬರೀ ಪರೀಕ್ಷೆಯ ಅರ್ಧ ಅಂಕದ ಮಾತಲ್ಲ ಇದು ಎಂದು ನನಗೆ ತೋರಿಸಿದ್ದೂ ಆ ಹುಡುಗಿಯೇ. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯ ಬಾಯಿ ನೋಡಿ ಅಲ್ಲಾಡುವ ಹಲ್ಲು ಇದೆಯೇ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಅರಿವಳಿಕೆ ಕೊಟ್ಟು ಗಂಟಲಿಗೆ ನಳಿಕೆ ಇಳಿಸುವಾಗ ಅಲ್ಲಾಡುವ ಹಲ್ಲು ಕಿತ್ತು ಉಸಿರಿನ ನಾಳಕ್ಕೆ ಬೀಳಬಹುದು. ಅಲ್ಲಿ ಬರೆಯಬೇಕಾದದ್ದು ಎರಡು ಓ ಇರುವ ಲೂಸ್. ಹಲ್ಲು ಅಲ್ಲಾಡುತ್ತಿದೆ ಎಂದರೆ ಅದು ಬಾಯಲ್ಲೇ ಇದೆ, ಎಚ್ಚರ ಬೇಕು. ಹಲ್ಲು ಕಳೆದುಹೋಗಿದೆ ಎಂದರೆ ಅದು ಬಾಯಲ್ಲಿಲ್ಲ, ಹೆದರಬೇಕಾದ್ದಿಲ್ಲ. ಬಾಯಿಮಾತಿನಲ್ಲಿ ಒಬ್ಬರು ಹೇಳಿ ಇನ್ನೊಬ್ಬರು ಬರೆದುಕೊಳ್ಳುವಾಗ ಇವೆರಡು ಬೆರೆತರೆ ಏನಾಗಬಹುದು ಯೋಚಿಸಿ. ಕಂಪ್ಯೂಟರಿನಲ್ಲಿ ಬರೆದರೂ, ಪದ ನಿಘಂಟಿನಲ್ಲಿದೆಯೇ ಎಂದಷ್ಟೇ ನೋಡುವ ತಪಾಸಣೆ ಕೆಂಪು ಗೆರೆ ಎಳೆಯುವುದಿಲ್ಲ. ಎರಡೂ ನಿಘಂಟಿನಲ್ಲಿ ಇರುವ ಪದಗಳೇ. "ಅದಕ್ಕೇ ಸರ್, ನಾನು ಕೇಳುವಾಗ ಬೆರಳಿನಲ್ಲಿ ಅಲ್ಲಾಡಿಸಿ ತೋರಿಸಿ ಕೇಳ್ತೀನಿ" ಎಂದಳು ಅವಳು. ಸದ್ದು ಕಲಿತ ಮೇಲೂ ಸದ್ದೊಂದನ್ನೇ ನಂಬದ ಜಾಣೆ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಫೋನಿನಲ್ಲಿ ಅವಳು ನನಗೇ ವ್ಯಾಯಾಮ ಮಾಡಿಸಿದಳು. ಇಂಗ್ಲಿಷಿನಲ್ಲಿ, ಅಲ್ಲಿಯ ರೋಗಿಗೆ ಹೇಳುವ ಹಾಗೆಯೇ. ಉಸಿರಾಡು ಎನ್ನುವಾಗ ಈ ಉದ್ದಕ್ಕೆ ಬಂತು, ಗಂಟಲು ನಡುಗಿತು. ಉಸಿರು ಹಿಡಿ ಎನ್ನುವಾಗ ಸ್ವರ ಗಿಡ್ಡವಾಗಿ ಗಾಳಿಯಲ್ಲಿ ಮುಗಿಯಿತು. ನಾನು ಈ ಕಡೆ ಕುರ್ಚಿಯಲ್ಲಿ ಕುಳಿತು ನಿಜವಾಗಿಯೂ ಉಸಿರು ಎಳೆದುಕೊಂಡೆ, ಹಿಡಿದೆ, ಬಿಟ್ಟೆ. ಮೇಷ್ಟ್ರಾಗಿ ಅಷ್ಟು ವರ್ಷ ಬೇರೆಯವರ ಬಾಯಿ ತಿದ್ದಿದವನು, ಅವತ್ತು ವಿದ್ಯಾರ್ಥಿನಿ ಹೇಳಿದ ಹಾಗೆ ಉಸಿರಾಡಿದೆ.

ಇಲ್ಲಿ ಕುಳಿತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನರ ಉತ್ತರಪತ್ರಿಕೆಯಲ್ಲಿ ನಾನು ಕೆಂಪು ಸುತ್ತು ಹಾಕಿದ್ದೇನೆ. ಆ ಸುತ್ತು ಹಾಕಿದ್ದು ತಪ್ಪಲ್ಲ, ಬರಹ ತಪ್ಪಾಗಿಯೇ ಇತ್ತು. ಆದರೆ ತಪ್ಪಿನ ಬೇರು ನಿಮ್ಮ ಪುಸ್ತಕದಲ್ಲಿರಲಿಲ್ಲ, ನನ್ನ ಬಾಯಲ್ಲಿತ್ತು. ಆ ಅರ್ಧ ಅಂಕಗಳನ್ನು ಈಗ ಹಿಂದೆ ಕೊಡಲು ಬರುವುದಿಲ್ಲ. ಪಾಠವನ್ನಾದರೂ ತಿದ್ದಿ ಕೊಟ್ಟಿದ್ದೇನೆ, ಮನ್ನಿಸಿ ತೆಗೆದುಕೊಳ್ಳಿ.

ಈಗಿನ ಇಂಗ್ಲಿಷ್ ಮೇಡಂ ಅವರಲ್ಲಿ ಒಂದೇ ಕೋರಿಕೆ. ಈ ಜೋಡಿಗಳು ಪಾಠದಲ್ಲಿ ಬಂದ ದಿನ ಹಲಗೆಯ ಮೇಲೆ ಬರೆಯುವ ಮೊದಲು ಮಕ್ಕಳ ಬೆರಳು ಗಂಟಲ ಮೇಲೆ ಇರಲಿ. ಮೊದಲು ನಡುಕ ತಿಳಿಯಲಿ, ಆಮೇಲೆ ಓ ಎಷ್ಟು ಎಂಬುದನ್ನು ಎಣಿಸಲಿ. ಮತ್ತು ಹೊರಗಿನಿಂದ ಬಂದ ಯಾವ ಹೊಸ ಮೇಷ್ಟ್ರಾದರೂ ಬಸ್ ನಿಲ್ದಾಣದಲ್ಲಿ ನಿಂತು 'ಹೊಸಬಳೆ' ಎಂದು ಕೇಳಿದರೆ, ನಕ್ಕು, ಜೊತೆಯಲ್ಲಿ ಕರೆದುಕೊಂಡು ಬನ್ನಿ. ನನ್ನನ್ನು ಹಾಗೆಯೇ ಕರೆತಂದಿದ್ದರು.